ಅಪ್ಪನ ಪರವಾಗಿ ಬ್ಯಾಂಕಿಗೆ ಕೊಟ್ಟ ಪತ್ರ ಎರಡು ಸಲ ವಾಪಸ್ ಬಂತು, ಎಲ್ಲಿ ತಪ್ಪಾಗಿದೆ?

ಕಾಗದದೋಣಿ
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ಅಪ್ಪನಿಗೆ 79. ಹೋದ ವರ್ಷ ಸ್ಟ್ರೋಕ್ ಆದ್ಮೇಲೆ ಬಲಗೈ ನಡುಗುತ್ತೆ, ನಾಲ್ಕು ಮೆಟ್ಟಿಲು ಇಳಿಸ್ಬೇಕು ಅಂದ್ರೂ ಇಬ್ಬರು ಹಿಡ್ಕೋಬೇಕು. ತಲೆ ಮಾತ್ರ ಚುರುಕಾಗಿದೆ, ಯಾವ ತಿಂಗಳು ಎಷ್ಟು ಬಡ್ಡಿ ಜಮಾ ಆಯ್ತು ಅನ್ನೋದನ್ನ ನನಗಿಂತ ಚೆನ್ನಾಗಿ ಹೇಳ್ತಾರೆ.

ಬ್ಯಾಂಕಲ್ಲಿ ಮೂರು ಕೆಲಸ ಆಗ್ಬೇಕು. ಖಾತೆಗೆ ಕೊಟ್ಟಿದ್ದ ಮೊಬೈಲ್ ನಂಬರ್ ಬಂದ್ ಆಗಿದೆ, ಅದನ್ನ ಬದಲಾಯಿಸ್ಬೇಕು. ಎರಡು ವರ್ಷದ ಸ್ಟೇಟ್‌ಮೆಂಟ್ ಬೇಕು. ಅವಧಿ ಮುಗಿದಿರೋ ಒಂದು ಠೇವಣಿ ಹಣನ ಅವರದೇ ಉಳಿತಾಯ ಖಾತೆಗೆ ಹಾಕಿಸ್ಬೇಕು. ನಾನು ಒಂದೇ ಪತ್ರದಲ್ಲಿ ಮೂರನ್ನೂ ಬರೆದು, "ನನ್ನ ತಂದೆಯವರು ಅನಾರೋಗ್ಯದಿಂದ ಬಳಲುತ್ತಿರುವುದರಿಂದ ಅವರ ಪರವಾಗಿ ನಾನು ಈ ಪತ್ರ ಬರೆಯುತ್ತಿದ್ದೇನೆ, ದಯವಿಟ್ಟು ಸಹಕರಿಸಬೇಕು" ಅಂತ ಹಾಕಿ, ನಾನೇ ಸಹಿ ಮಾಡಿ, ಇಬ್ಬರ ಗುರುತಿನ ಚೀಟಿ ಜೆರಾಕ್ಸ್ ಇಟ್ಟು ಕೊಟ್ಟೆ. ಖಾತೆದಾರರ ಸಹಿ ಇಲ್ಲ ಅಂತ ವಾಪಸ್ ಕೊಟ್ರು. ಸರಿ ಅಂತ ಅದೇ ಪತ್ರದ ಕೆಳಗೆ ಅಪ್ಪನ ಹತ್ರ ಸಹಿ ಮಾಡಿಸಿಕೊಂಡು ಹೋದೆ, ಈ ಸಲ "ಸಹಿ ಹೊಂದುತ್ತಿಲ್ಲ" ಅಂತ ಪೆನ್ಸಿಲಲ್ಲಿ ಬರೆದು ಮತ್ತೆ ವಾಪಸ್. ಆ ಸಹಿ ಮಾಡೋಕೆ ಅಪ್ಪ ಐದು ನಿಮಿಷ ತಗೊಂಡಿದ್ರು, ಎಡಗೈಯಲ್ಲಿ ಬಲಗೈ ಮಣಿಕಟ್ಟು ಒತ್ತಿ ಹಿಡ್ಕೊಂಡು ಬರೆದ್ರು. ವಾಪಸ್ ಬಂತು ಅಂತ ಅವರಿಗೆ ಹೇಳೋಕೇ ನನಗೆ ಮನಸ್ಸು ಬರ್ತಿಲ್ಲ. ಈಗ ಏನು ಮಾಡ್ಲಿ?

ಹಳೇಪೆನ್
ಇದಕ್ಕೆಲ್ಲ ಒಂದೇ ಮದ್ದು, ಪವರ್ ಆಫ್ ಅಟಾರ್ನಿ ಮಾಡಿಸಿಬಿಡಿ. ನಮ್ಮ ಮಾವನವರದ್ದು ಮಾಡಿಸಿದ್ವಿ, ಆಮೇಲೆ ಒಂದು ಕಾಗದಕ್ಕೂ ಅವರನ್ನ ಕೇಳೋ ಪ್ರಮೇಯ ಬರ್ಲಿಲ್ಲ. ಪತ್ರ ಗಿತ್ರ ಬರ್ಕೊಂಡು ಯಾಕೆ ಅಲೆದಾಡ್ತೀರಾ.

ಗುಬ್ಬಿಗೂಡು
ನಾನು ಹೇಳೋದು ಕೆಲವರಿಗೆ ಇಷ್ಟ ಆಗಲ್ಲ, ಆದ್ರೂ ಹೇಳ್ತೀನಿ. ಅಮ್ಮನ ಸಹಿ ನಾನೇ ಹಾಕ್ತೀನಿ. ಅಮ್ಮ ಪಕ್ಕದಲ್ಲೇ ಕೂತಿರ್ತಾರೆ, ಹಾಕು ಅಂತ ಅವರೇ ಹೇಳ್ತಾರೆ. ಯಾರಿಗೂ ಮೋಸ ಇಲ್ಲ, ನಾಲ್ಕು ವರ್ಷದಿಂದ ನಡೀತಿದೆ.

ತಕ್ಕಡಿ
ಗುಬ್ಬಿಗೂಡು, ದಯವಿಟ್ಟು ಅದನ್ನ ಇವತ್ತೇ ನಿಲ್ಲಿಸಿ. ಅಮ್ಮ ಒಪ್ಪಿದ್ರೂ ಅವರ ಸಹಿ ಅಂತ ನೀವು ಗೀಚಿದ್ದು ಅವರ ಸಹಿ ಆಗಲ್ಲ. ನಾಳೆ ನಿಮ್ಮ ಅಣ್ಣನೋ ತಂಗಿಯೋ ಒಂದು ಪ್ರಶ್ನೆ ಎತ್ತಿದ್ರೆ ನಾಲ್ಕು ವರ್ಷದ ಒಂದೊಂದು ಕಾಗದವೂ ನಿಮ್ಮ ಮೇಲೇ ಬರುತ್ತೆ. ಅಮ್ಮ ಹೇಳಿದ್ರು ಅನ್ನೋದಕ್ಕೆ ಆವತ್ತು ಸಾಕ್ಷಿ ಎಲ್ಲಿಂದ ತರ್ತೀರಾ?

ಗುಬ್ಬಿಗೂಡು
ನಮ್ಮ ಮನೇಲಿ ಹಾಗೆ ಯಾರೂ ಇಲ್ಲ.

ತಕ್ಕಡಿ
ಕೋರ್ಟಲ್ಲಿ ನಾನು ನೋಡಿದ ಪ್ರತಿ ಮನೆಯವರೂ ಒಂದು ಕಾಲದಲ್ಲಿ ಇದೇ ಮಾತು ಹೇಳಿದ್ದವರು.

ನಿವೃತ್ತ_ಕೌಂಟರ್
ಕಾಗದದೋಣಿ ಅವರೇ, ನಾನು 31 ವರ್ಷ ಬ್ಯಾಂಕಲ್ಲಿ ಇದ್ದವನು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೌಂಟರಲ್ಲೇ ಕಳೆದಿದ್ದೀನಿ. ನಿಮ್ಮ ಪತ್ರ ವಾಪಸ್ ಬಂದಿದ್ದಕ್ಕೆ ಕಾರಣ ನಿಮ್ಮ ಮೊದಲ ಸಾಲಲ್ಲೇ ಇದೆ. "ಅವರ ಪರವಾಗಿ ನಾನು ಬರೆಯುತ್ತಿದ್ದೇನೆ" ಅಂದ್ರೆ ಪತ್ರದಲ್ಲಿ ಮಾತಾಡ್ತಿರೋದು ಯಾರು? ನೀವು. ಖಾತೆ ಯಾರದ್ದು? ಅಪ್ಪನದ್ದು. ಕೌಂಟರಲ್ಲಿ ಕೂತವರಿಗೆ ನೀವು ಮೂರನೆಯವರು, ಮಗಳೇ ಆಗಿದ್ರೂ ಅಷ್ಟೇ. ಮಗಳು ಅಂತ ದಾಖಲೆ ಇಟ್ರೂ ಸಂಬಂಧ ಸಾಬೀತಾಗುತ್ತೆ, ಅಧಿಕಾರ ಸಾಬೀತಾಗಲ್ಲ. ಇವೆರಡನ್ನೂ ಒಂದೇ ಅಂದ್ಕೊಂಡು ಬರೋರೇ ಜಾಸ್ತಿ.

ಪತ್ರ ಅಪ್ಪನ ಹೆಸರಲ್ಲೇ ಇರ್ಬೇಕು. "ನಾನು, ಈ ಖಾತೆಯ ಖಾತೆದಾರ" ಅಂತ ಶುರುವಾಗ್ಬೇಕು. ಅಕ್ಷರ ನಿಮ್ಮದಾಗಿರ್ಲಿ, ಟೈಪ್ ಮಾಡಿದ್ದಾಗಿರ್ಲಿ, ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ನೀವು ಆ ಪತ್ರದೊಳಗೆ ಬರೋದು ಒಂದೇ ಕಡೆ, "ಈ ಕಾಗದವನ್ನು ನನ್ನ ಮಗಳ ಕೈಗೆ ಕೊಡಿ" ಅನ್ನೋ ಸಾಲಲ್ಲಿ.

ಎರಡನೇದು, ಮೂರು ಕೆಲಸ ಒಂದೇ ಪತ್ರದಲ್ಲಿ ಹಾಕ್ಬೇಡಿ. ಸ್ಟೇಟ್‌ಮೆಂಟ್ ನೋಡೋರು ಒಬ್ಬರು, ಠೇವಣಿ ನೋಡೋರು ಇನ್ನೊಬ್ಬರು, ಮೊಬೈಲ್ ನಂಬರಿಗೆ ಮೇಲಿನವರ ಒಪ್ಪಿಗೆ ಬೇಕು. ಮೂರರಲ್ಲಿ ಒಂದಕ್ಕೆ ತಕರಾರು ಬಂದ್ರೆ ಇಡೀ ಪತ್ರನೇ ವಾಪಸ್ ಬರುತ್ತೆ. ನಿಮಗೆ ಆಗಿರೋದು ಇದೇ ಅಂತ ನನ್ನ ಅಂದಾಜು. ಬರೀ ಸ್ಟೇಟ್‌ಮೆಂಟ್ ಕೇಳಿದ್ರೆ ಅಷ್ಟೊಂದು ಗಟ್ಟಿಯಾಗಿ ಸಹಿ ನೋಡ್ತಿರ್ಲಿಲ್ಲವೇನೋ, ನಂಬರ್ ಬದಲಾವಣೆ ಜೊತೆಗಿದ್ದದ್ದಕ್ಕೆ ಹಾಗೆ ನೋಡಿರ್ತಾರೆ.

ಸಂಜೆಮಲ್ಲಿಗೆ
ಸರ್ ಒಂದು ಡೌಟು, ಮೊಬೈಲ್ ನಂಬರ್‌ಗೆ ಯಾಕೆ ಅಷ್ಟು ತಲೆ ತಿಂತಾರೆ? ಹಣ ತೆಗೀತಿಲ್ವಲ್ಲ, ನಂಬರ್ ತಾನೇ.

ನಿವೃತ್ತ_ಕೌಂಟರ್
ಹಣ ತೆಗೆಯೋ ಕೀಲಿಕೈ ಈಗ ನಂಬರೇ ಅಲ್ವಾ ಅಮ್ಮ. ಓಟಿಪಿ ಯಾವ ಫೋನಿಗೆ ಬರುತ್ತೋ ಖಾತೆ ಅವರ ಕೈಲಿ. ವಯಸ್ಸಾದವರ ಖಾತೆಯಲ್ಲಿ ಮೋಸ ಮಾಡೋರು ಮೊದಲು ಮಾಡೋ ಕೆಲಸವೇ ನಂಬರ್ ಬದಲಾಯಿಸೋದು. ಹಾಗಾಗಿ ಬೇರೆಯವರ ಕೈಲಿ ಪತ್ರ ಕಳಿಸಿ ನಂಬರ್ ಬದಲಾಯಿಸಿ ಅಂದ್ರೆ ಬಹಳ ಕಡೆ ಒಪ್ಪಲ್ಲ, ಒಪ್ಪಲೂಬಾರದು.

ಇಲ್ಲಿ ಇನ್ನೊಂದು ಗಂಟಿದೆ, ಗಮನಿಸಿ. ಸಹಿ ಬಗ್ಗೆ ಅನುಮಾನ ಬಂದ್ರೆ ಬ್ಯಾಂಕಿನವರು ಖಾತೆದಾರರಿಗೆ ಫೋನ್ ಮಾಡಿ ಕೇಳ್ತಾರೆ. ಯಾವ ನಂಬರಿಗೆ? ಖಾತೆಯಲ್ಲಿರೋ ನಂಬರಿಗೆ. ಅದು ಬಂದ್ ಆಗಿದೆ. ಪತ್ರದಲ್ಲಿ ನೀವು ಬರೆದಿರೋ ಹೊಸ ನಂಬರಿಗೆ ಅವರು ಮಾಡೋ ಹಾಗಿಲ್ಲ, ಯಾಕಂದ್ರೆ ಅನುಮಾನ ಇರೋದೇ ಆ ಪತ್ರದ ಮೇಲೆ. ಹಾಗಾಗಿ ಅಪ್ಪ ಅಪ್ಪನೇ ಅಂತ ತೋರಿಸೋಕೆ ಉಳಿದಿದ್ದು ಸಹಿ ಒಂದೇ, ಅದೂ ಕೈಕೊಟ್ಟಿದೆ. ನಿಮ್ಮ ಕೆಲಸ ಶುರುವಾಗ್ಬೇಕಾಗಿರೋದು ಸಹಿಯಿಂದ. ಅದು ಸರಿಯಾದ್ರೆ ನಂಬರು, ನಂಬರ್ ಆದ್ಮೇಲೆ ಉಳಿದಿದ್ದು.

ಕಾಗದದೋಣಿ
ಇದನ್ನ ಯಾರೂ ನನಗೆ ಹೀಗೆ ಬಿಡಿಸಿ ಹೇಳಿರ್ಲಿಲ್ಲ ಸರ್, ತುಂಬಾ ಥ್ಯಾಂಕ್ಸ್. ಆದ್ರೆ ಸಹಿ ಸರಿ ಮಾಡೋದು ಹೇಗೆ? ಅವರ ಕೈ ಇನ್ನು ಮೊದಲಿನ ಥರ ಆಗಲ್ಲ ಅಂತ ಡಾಕ್ಟರೇ ಹೇಳಿದ್ದಾರೆ.

ಗೋಡೆಗಡಿಯಾರ
ದಪ್ಪ ಹಿಡಿಯ ಪೆನ್ ಕೊಡಿ, ಕಾಗದದ ಕೆಳಗೆ ಗಟ್ಟಿ ರಟ್ಟು ಇಡಿ, ಮೊಣಕೈ ಮೇಜಿನ ಮೇಲೆ ಊರಿಸಿ. ಬೆಳಗ್ಗೆ ಹೊತ್ತು ಮಾಡಿಸಿ, ಸಂಜೆ ನಡುಕ ಜಾಸ್ತಿ. ನಮ್ಮ ತಂದೆಗೆ ಇದರಿಂದ ಸುಮಾರಾಗಿ ಹೊಂದಿತ್ತು.

ನಿವೃತ್ತ_ಕೌಂಟರ್
ಗೋಡೆಗಡಿಯಾರ ಹೇಳಿದ್ದು ಸಣ್ಣ ನಡುಕಕ್ಕೆ ಸರಿ. ಸ್ಟ್ರೋಕ್ ಆದವರ ಹತ್ರ ಹಳೇ ಸಹಿ ತೆಗೆಸೋಕೆ ಹೋದ್ರೆ ಅವರಿಗೂ ಹಿಂಸೆ, ಒಂದು ದಿನ ಹೊಂದಿದ್ರೆ ಇನ್ನೊಂದು ದಿನ ಹೊಂದಲ್ಲ. ಎರಡು ದಾರಿ ಇದೆ. ಈಗ ಬರೋ ಸಹಿ ಪ್ರತಿ ಸಲ ಹೆಚ್ಚುಕಮ್ಮಿ ಒಂದೇ ಥರ ಬರ್ತಿದ್ರೆ ಅದನ್ನೇ ಹೊಸ ಮಾದರಿ ಸಹಿ ಅಂತ ದಾಖಲು ಮಾಡಿಸೋದು. ಪ್ರತಿ ಸಲ ಬೇರೆ ಬೇರೆ ಬರ್ತಿದ್ರೆ ಸಹಿ ಬಿಟ್ಟು ಹೆಬ್ಬೆಟ್ಟಿಗೆ ಹೋಗೋದು. ಯಾವುದು ಅಂತ ತಿಳ್ಕೊಳ್ಳೋಕೆ ಒಂದು ಬಿಳಿ ಹಾಳೆ ಮೇಲೆ ಮೂರು ದಿನ, ದಿನಕ್ಕೆ ಎರಡು ಸಲ ಸಹಿ ಮಾಡಿಸಿ ನೋಡಿ. ಆರು ಸಹಿ ಪಕ್ಕ ಪಕ್ಕ ಇಟ್ಟು ನೋಡಿದ್ರೆ ನಿಮಗೇ ಗೊತ್ತಾಗುತ್ತೆ. ನೋಡಿದ್ಮೇಲೆ ಆ ಹಾಳೆ ಹರಿದು ಹಾಕಿ, ಖಾಲಿ ಹಾಳೆ ಮೇಲಿನ ಸಹಿ ಮನೇಲಿ ಇಟ್ಕೋಬಾರದು.

ಎರಡರಲ್ಲಿ ಯಾವುದೇ ಆದ್ರೂ ಬ್ಯಾಂಕಿನವರೊಬ್ಬರು ಅಪ್ಪನ್ನ ಕಣ್ಣಾರೆ ನೋಡ್ಬೇಕು. ಮ್ಯಾನೇಜರಿಗೆ ಒಂದು ಸಣ್ಣ ಅರ್ಜಿ ಬರೀರಿ, ಖಾತೆದಾರರು ಶಾಖೆಗೆ ಬರೋ ಸ್ಥಿತಿಯಲ್ಲಿಲ್ಲ, ಮನೆಗೆ ಒಬ್ಬ ಅಧಿಕಾರಿಯನ್ನ ಕಳಿಸಿಕೊಡಿ ಅಂತ. ಜೊತೆಗೆ ಡಾಕ್ಟರ್ ಸರ್ಟಿಫಿಕೇಟ್ ಇಡಿ. ಅದರಲ್ಲಿ ಎರಡು ಮಾತು ಇರ್ಲೇಬೇಕು. ಒಂದು, ಕೈಯ ತೊಂದರೆಯಿಂದ ಮೊದಲಿನಂತೆ ಸಹಿ ಮಾಡೋಕೆ ಆಗಲ್ಲ. ಇನ್ನೊಂದು, ಅರಿವು ಸ್ಪಷ್ಟವಾಗಿದೆ, ಹೇಳಿದ್ದು ಅರ್ಥ ಮಾಡ್ಕೊಂಡು ತೀರ್ಮಾನ ಮಾಡಬಲ್ಲರು. ಎರಡನೇ ಮಾತು ಬಿಟ್ಟು ಬರೀ "ಸ್ಟ್ರೋಕ್ ಆಗಿದೆ" ಅಂತ ಬರೆಸಿಕೊಂಡು ಬಂದ್ರೆ ಹೊಸ ತೊಂದರೆ ಶುರು. ಓದಿದವರಿಗೆ ಮೊದಲು ಬರೋ ಅನುಮಾನವೇ ಇವರಿಗೆ ಬುದ್ಧಿ ಸ್ಥಿಮಿತದಲ್ಲಿದೆಯಾ ಅಂತ.

ಮಳೆಹನಿ
ಹೆಬ್ಬೆಟ್ಟು ಅಂದ್ರೆ ಅಪ್ಪ ಒಪ್ತಾರಾ? ನಮ್ಮ ಅಜ್ಜ ಮೇಷ್ಟ್ರಾಗಿದ್ದವರು, ಹೆಬ್ಬೆಟ್ಟು ಒತ್ತು ಅಂದಾಗ ಎರಡು ದಿನ ಮಾತು ಬಿಟ್ಟಿದ್ರು.

ಕಾಗದದೋಣಿ
ಅದೇ ನನ್ನ ಭಯ ಮಳೆಹನಿ. ಅಪ್ಪನ ಅಕ್ಷರ ಅಚ್ಚು ಹೊಡೆದ ಹಾಗಿತ್ತು. ಕೇಳ್ತೀನಿ, ಬಲವಂತ ಮಾಡಲ್ಲ.

ಹೊಸಬೆಳಕು
ನನಗೂ ಇದೇ ಥರ ಸಮಸ್ಯೆ ಇದೆ, ಅಮ್ಮ ಹೋದ ತಿಂಗಳು ತೀರಿಕೊಂಡ್ರು, ಅವರು ಇದ್ದಾಗಲೇ ನನ್ನ ಹೆಸರಿಗೆ ಅಧಿಕಾರ ಪತ್ರ ಬರೆದು ಕೊಟ್ಟಿದ್ರು, ಅದು ತೋರಿಸಿದ್ರೆ ಬ್ಯಾಂಕಲ್ಲಿ ಹಣ ಕೊಡಲ್ಲ ಅಂತಾರೆ, ಅಮ್ಮನೇ ಸ್ವಂತ ಕೈಯಾರೆ ಬರೆದಿರೋದು, ಸಹಿನೂ ಸರಿ ಇದೆ, ಯಾರಿಗೆ ದೂರು ಕೊಡ್ಬೇಕು ಹೇಳಿ

ತಕ್ಕಡಿ
ಹೊಸಬೆಳಕು, ಅಮ್ಮನ ವಿಷಯ ಕೇಳಿ ಬೇಜಾರಾಯ್ತು. ಆದ್ರೆ ಬ್ಯಾಂಕಿನವರು ಹೇಳಿದ್ದು ಸರಿ. ಅಧಿಕಾರ ಪತ್ರ ಕೊಟ್ಟವರು ಬದುಕಿರೋ ತನಕ ಮಾತ್ರ ಅದಕ್ಕೆ ಜೀವ. ಆ ಪತ್ರ ಪಕ್ಕಕ್ಕಿಡಿ. ಮರಣ ಪ್ರಮಾಣಪತ್ರ ತಗೊಂಡು, ಖಾತೆಗೆ ಯಾರು ನಾಮಿನಿ ಅಂತ ಕೇಳಿ, ಅದಕ್ಕೆ ಬೇರೆಯೇ ಅರ್ಜಿ ಇದೆ. ನಾಮಿನಿ ಇಲ್ದಿದ್ರೆ ವಾರಸುದಾರರೆಲ್ಲ ಸೇರಿ ಹೋಗ್ಬೇಕಾಗುತ್ತೆ. ಆ ಖಾತೆಗೆ ಸೇರಿದ ಕಾರ್ಡು ಇದ್ರೆ ದಯವಿಟ್ಟು ಬಳಸ್ಬೇಡಿ, ಪಿನ್ ಗೊತ್ತಿದ್ರೂ ಸಹ.

ಹೊಸಬೆಳಕು
ಓ ಹಾಗಾ. ಕಾರ್ಡ್ ಬಳಸಿಲ್ಲ. ಸರಿ.

ಹಳೇಪೆನ್
ಎಲ್ಲರೂ ನನ್ನ ಮಾತು ದಾಟಿಕೊಂಡು ಹೋದ್ರಲ್ಲ. ಪವರ್ ಆಫ್ ಅಟಾರ್ನಿ ಇದ್ರೆ ಈ ಸಹಿ ರಗಳೆ, ಹೆಬ್ಬೆಟ್ಟು ರಗಳೆ ಎರಡೂ ಇಲ್ಲ. ನಾನು ಸ್ವತಃ ಮಾಡಿಸಿ ನೋಡಿದವನು, ಊಹೆ ಮಾಡಿ ಹೇಳ್ತಿಲ್ಲ.

ತಕ್ಕಡಿ
ನೀವು ಹೇಳಿದ್ದು ಅರ್ಧ ಸರಿ ಸರ್. ಅಪ್ಪನ ತಲೆ ಚುರುಕಾಗಿರುವಾಗ ಅದನ್ನ ಮಾಡಿಸೋದು ಒಳ್ಳೇ ಯೋಚನೆಯೇ. ಆದ್ರೆ ಅದಕ್ಕೂ ಅಪ್ಪನ ಸಹಿನೋ ಹೆಬ್ಬೆಟ್ಟೋ ಬೇಕೇ ಬೇಕು, ಹಾಗಾಗಿ ರಗಳೆ ತಪ್ಪಲ್ಲ. ಇನ್ನೊಂದು, ಜನ ಇದನ್ನ ಮಾಡಿಸೋದು ಯಾಕೆ? ಮುಂದೆ ಅವರಿಗೆ ಮರೆವು ಬಂದ್ರೆ, ಏನೂ ಗೊತ್ತಾಗದ ಸ್ಥಿತಿಗೆ ಹೋದ್ರೆ ಉಪಯೋಗಕ್ಕೆ ಬರ್ಲಿ ಅಂತ. ಸರಿಯಾಗಿ ಆ ಹೊತ್ತಿಗೇ ಎಷ್ಟೋ ಕಡೆ ಅದು ಬಿದ್ದುಹೋಗುತ್ತೆ. ಭಾರತದ 1872ರ ಕರಾರು ಕಾಯ್ದೆಯ 201ನೇ ಕಲಮು ನೋಡಿ, ಅಧಿಕಾರ ಕೊಟ್ಟವರು ಸತ್ತರೆ ಅಥವಾ ಬುದ್ಧಿ ಸ್ಥಿಮಿತ ಕಳ್ಕೊಂಡ್ರೆ ಏಜೆನ್ಸಿ ಅಲ್ಲಿಗೆ ಮುಗೀತು ಅಂತಿದೆ. ಇಂಗ್ಲೆಂಡಲ್ಲಿ ಬೇರೆ ಥರ, ಅಲ್ಲಿ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ ಪ್ರಕಾರ ಅರಿವು ಹೋದ್ಮೇಲೂ ನಡೆಯೋ ಅಂಥ ಅಧಿಕಾರ ಪತ್ರವನ್ನ ಮುಂಚೆಯೇ ಮಾಡಿಟ್ಟು ನೋಂದಾಯಿಸಬಹುದು. ಅಂದ್ರೆ ಒಂದೇ ಹೆಸರಿನ ಕಾಗದಕ್ಕೆ ದೇಶದಿಂದ ದೇಶಕ್ಕೆ ಆಯಸ್ಸು ಬೇರೆ. ನಿಮ್ಮ ಮಾವನವರಿಗೆ ಕೊನೇ ತನಕ ನೆನಪು ಚೆನ್ನಾಗಿತ್ತಾ?

ಹಳೇಪೆನ್
ಕೊನೇ ವರ್ಷ ಯಾರನ್ನೂ ಗುರುತು ಹಿಡೀತಿರ್ಲಿಲ್ಲ. ನಾವು ಆಗಲೂ ಅದನ್ನೇ ತೋರಿಸಿ ಕೆಲಸ ಮಾಡಿಸ್ತಿದ್ವಿ. ತಪ್ಪು ಅಂತ ಯಾರೂ ಹೇಳ್ಲಿಲ್ಲ, ನಮಗೂ ಗೊತ್ತಿರ್ಲಿಲ್ಲ.

ತಂಗಾಳಿ88
ಸಾಮಾನ್ಯ ಜನಕ್ಕೆ ಇದೆಲ್ಲ ಹೇಗೆ ಗೊತ್ತಾಗ್ಬೇಕು ಹೇಳಿ? ನೆನಪಿಲ್ಲದ ಅಮ್ಮನ ಔಷಧಿಗೆ ಅಮ್ಮನದೇ ಹಣ ತೆಗೆಯೋಕೆ ಕೋರ್ಟಿಗೆ ಹೋಗು ಅಂದ್ರೆ ಯಾರು ಹೋಗ್ತಾರೆ. ಅದಕ್ಕೇ ಎಲ್ಲರೂ ಗುಬ್ಬಿಗೂಡು ಮಾಡಿದ್ದನ್ನೇ ಮಾಡ್ತಾರೆ.

ತಕ್ಕಡಿ
ಒಪ್ತೀನಿ, ಕಾನೂನು ಇಲ್ಲಿ ಜನರ ಕಷ್ಟದ ಹತ್ರಕ್ಕೆ ಬಂದಿಲ್ಲ. ಆದ್ರೆ ಕಾಗದದೋಣಿಯವರ ಅಪ್ಪನಿಗೆ ಆ ಸ್ಥಿತಿ ಬಂದಿಲ್ವಲ್ಲ, ಅವರ ಕೈಲಿ ಇನ್ನೂ ಸಮಯ ಇದೆ.

ಅರಳಿಮರ
ನಾನು ನನ್ನ ಅನುಭವ ಹೇಳ್ತೀನಿ, ಯಾರ ಮೇಲೂ ದೂರು ಅಲ್ಲ. ನಮ್ಮ ತಂದೆ ಅಣ್ಣನಿಗೆ ಒಂದು ಅಧಿಕಾರ ಪತ್ರ ಕೊಟ್ಟಿದ್ರು. ಅದರಲ್ಲಿದ್ದದ್ದು ಇಷ್ಟೇ, "ನನ್ನ ಎಲ್ಲಾ ವ್ಯವಹಾರಗಳನ್ನು ನೋಡಿಕೊಳ್ಳಲು ನನ್ನ ಮಗನಿಗೆ ಅಧಿಕಾರ ನೀಡಿರುತ್ತೇನೆ." ದಿನಾಂಕ ಹಾಕಿರ್ಲಿಲ್ಲ, ಎಲ್ಲಿಯವರೆಗೆ ಅಂತ ಇಲ್ಲ, ಯಾವ ಬ್ಯಾಂಕು ಯಾವ ಖಾತೆ ಅಂತಲೂ ಇಲ್ಲ. ಅದರ ಜೊತೆ ಬೇಕಾದಾಗ ಬಳಸ್ಕೋ ಅಂತ ನಾಲ್ಕು ಖಾಲಿ ಹಾಳೆ ಮೇಲೆ ಸಹಿನೂ ಹಾಕಿಕೊಟ್ಟಿದ್ರು. ಆ ಹಾಳೆಗಳಲ್ಲಿ ಎರಡು ಎಲ್ಲಿ ಹೋಯ್ತು ಅಂತ ಇವತ್ತಿಗೂ ಗೊತ್ತಿಲ್ಲ. ಅಣ್ಣ ಕೆಟ್ಟದ್ದು ಮಾಡಿದ ಅಂತ ನಾನು ಹೇಳಲ್ಲ, ಆದ್ರೆ ಅಕ್ಕನಿಗೆ ಅನುಮಾನ ಬಂತು, ಆಮೇಲೆ ಮಾತು ನಿಂತುಹೋಯ್ತು, ತಂದೆ ತೀರಿಕೊಂಡ ಮೇಲೂ ಸರಿಹೋಗಿಲ್ಲ. ಒಂದು ಸಾಲಲ್ಲಿ "ಈ ಕೆಲಸಕ್ಕೆ ಮಾತ್ರ" ಅಂತ ಇದ್ದಿದ್ರೆ ಅಣ್ಣನಿಗೇ ಅದು ರಕ್ಷಣೆ ಆಗ್ತಿತ್ತು. ಬರೆಯೋರು ದಯವಿಟ್ಟು ಇದನ್ನ ಮರೀಬೇಡಿ.

ಸಂಜೆಮಲ್ಲಿಗೆ
ಅರಳಿಮರ ಅವರೇ, ಓದಿ ಮನಸ್ಸು ಭಾರ ಆಯ್ತು. ನಾನೂ ಅಮ್ಮನ ಹತ್ರ ಖಾಲಿ ಹಾಳೆಗೆ ಸಹಿ ಹಾಕಿಸಿ ಇಟ್ಟಿದ್ದೆ, ಈಗಷ್ಟೇ ಹರಿದು ಹಾಕಿ ಬಂದೆ.

ಅಕ್ಷರಮಾಲೆ
ಗುರುತಿನ ಚೀಟಿ ಜೆರಾಕ್ಸ್ ಬಗ್ಗೆ ಯಾರೂ ಹೇಳ್ಲಿಲ್ಲ. ನಾನು ದಾಖಲೆ ಪರಿಶೀಲನೆ ಕೆಲಸದಲ್ಲಿರೋಳು. ಬರೀ ಜೆರಾಕ್ಸ್ ಕೊಡ್ಬೇಡಿ. ಅದರ ಮೇಲೆ ಅಡ್ಡವಾಗಿ "ಸ್ಟೇಟ್‌ಮೆಂಟ್ ಪಡೆಯಲು ಮಾತ್ರ" ಅಂತ ಬರೆದು, ಯಾರಿಗೆ ಕೊಡ್ತಿದ್ದೀರೋ ಆ ಶಾಖೆ ಹೆಸರು, ದಿನಾಂಕ ಹಾಕಿ. ಫೋಟೋ, ಹೆಸರು, ನಂಬರ್ ಮೇಲೆ ಅಕ್ಷರ ಬರಬಾರದು, ಉಳಿದ ಜಾಗದಲ್ಲಿ ಬರೀರಿ. ಅಪ್ಪನ ಚೀಟಿ ಮೇಲೆ ಅಪ್ಪನೇ ಸಹಿನೋ ಹೆಬ್ಬೆಟ್ಟೋ ಹಾಕ್ಬೇಕು, ನಿಮ್ಮದರ ಮೇಲೆ ನೀವು. ಅವರ ಚೀಟಿ ಜೆರಾಕ್ಸಿಗೆ ನೀವು ಸಹಿ ಹಾಕಿದ್ರೆ ಅದು ಲೆಕ್ಕಕ್ಕಿಲ್ಲ. ನಿಮ್ಮ ಅಸಲು ಚೀಟಿ ಜೊತೆಗೇ ತಗೊಂಡು ಹೋಗಿ, ತೋರಿಸಿ ವಾಪಸ್ ತಗೊಳ್ಳಿ. ಅಪ್ಪನದ್ದರ ಅಸಲನ್ನೂ ಕೇಳಬಹುದು, ಆದ್ರೆ ಕೌಂಟರಲ್ಲಿ ಬಿಟ್ಟು ಬರ್ಬೇಡಿ.

ಆಮೇಲೆ ಹೆಸರು ನೋಡ್ಕೊಳ್ಳಿ. ಪಾಸ್‌ಬುಕ್ಕಲ್ಲಿ ಇನಿಷಿಯಲ್ ಮುಂದೆ ಇದ್ದು, ಚೀಟಿಯಲ್ಲಿ ಅದೇ ಇನಿಷಿಯಲ್ ಬಿಡಿಸಿ ಹಿಂದೆ ಬರೆದಿದ್ರೆ ಇಬ್ಬರು ಬೇರೆ ಬೇರೆ ವ್ಯಕ್ತಿ ಅಂತ ಹೇಳೋ ಕ್ಲರ್ಕುಗಳಿದ್ದಾರೆ. ಪತ್ರದಲ್ಲಿ ಹೆಸರು ಪಾಸ್‌ಬುಕ್ಕಲ್ಲಿ ಇರೋ ಹಾಗೇ ಬರೆದು, "ಗುರುತಿನ ಚೀಟಿಯಲ್ಲಿ ಹೀಗೆಂದು ನಮೂದಾಗಿರುವ ವ್ಯಕ್ತಿ ನಾನೇ" ಅಂತ ಒಂದು ಸಾಲು ಸೇರಿಸಿ. ಸಣ್ಣ ವ್ಯತ್ಯಾಸಕ್ಕೆ ಇದು ಸಾಕಾಗುತ್ತೆ, ಹೆಸರೇ ಬೇರೆ ಆಗಿದ್ರೆ ಸಾಕಾಗಲ್ಲ.

ಗೋಡೆಗಡಿಯಾರ
ಅಕ್ಷರಮಾಲೆ, ಚೀಟಿ ನಂಬರಿನ ಮೊದಲಿನ ಅಂಕಿಗಳನ್ನ ಮುಚ್ಚಿ ಕೊಡ್ಬೇಕು ಅಂತ ಓದಿದ್ದೆ?

ಅಕ್ಷರಮಾಲೆ
ಕೆಲವು ಚೀಟಿಗೆ ಆ ಅವಕಾಶ ಇದೆ, ಆದ್ರೆ ಮುಚ್ಚಿದ್ದನ್ನ ಒಪ್ಪೋದು ಬಿಡೋದು ತಗೊಳ್ಳೋ ಕಚೇರಿಗೆ ಬಿಟ್ಟದ್ದು. ಹೋಗೋ ಮುಂಚೆ ಕೇಳಿಬಿಡಿ.

ಕಾಗದದೋಣಿ
ನೀವೆಲ್ಲ ಹೇಳಿದ್ದು ಸೇರಿಸಿ ಒಂದು ಪತ್ರ ಬರೆದಿದ್ದೀನಿ, ಬರೀ ಸ್ಟೇಟ್‌ಮೆಂಟಿಗೆ. ನೋಡಿ ತಿದ್ದಿ ಪ್ಲೀಸ್.

"ದಿನಾಂಕ: ______
ಶಾಖಾ ವ್ಯವಸ್ಥಾಪಕರಿಗೆ,
ವಿಷಯ: ಖಾತೆ ಸಂಖ್ಯೆ ______ ರ ಸ್ಟೇಟ್‌ಮೆಂಟನ್ನು ನನ್ನ ಮಗಳಿಗೆ ಕೊಡುವ ಬಗ್ಗೆ.
ಮೇಲ್ಕಂಡ ಖಾತೆ ನನ್ನದು. ಅನಾರೋಗ್ಯದಿಂದ ನಡೆಯಲು ಕಷ್ಟವಾಗುವುದರಿಂದ ನಾನೇ ಶಾಖೆಗೆ ಬರಲು ಆಗುತ್ತಿಲ್ಲ. ಕಳೆದ ಎರಡು ವರ್ಷಗಳ ಸ್ಟೇಟ್‌ಮೆಂಟನ್ನು ನನ್ನ ಮಗಳು ______ (ಗುರುತಿನ ಚೀಟಿ ಸಂಖ್ಯೆ ______) ಇವರ ಕೈಗೆ ಕೊಡಬೇಕಾಗಿ ಕೋರುತ್ತೇನೆ. ಅವರ ಸಹಿ ಕೆಳಗಿದೆ, ಅದು ಅವರದೇ ಎಂದು ದೃಢೀಕರಿಸುತ್ತೇನೆ. ಈ ಸಂಬಂಧ ಅವರು ಮಾಡುವ ಎಲ್ಲಾ ಕೆಲಸಗಳಿಗೆ ನನ್ನ ಒಪ್ಪಿಗೆ ಇದೆ.
ಮಗಳ ಸಹಿ: ______
ಖಾತೆದಾರರ ಸಹಿ / ಹೆಬ್ಬೆಟ್ಟು: ______"

ಅರಳಿಮರ
ಕೊನೇ ಸಾಲು ತೆಗೀರಿ. "ಎಲ್ಲಾ ಕೆಲಸಗಳಿಗೆ" ಅನ್ನೋದೇ ನಮ್ಮ ಮನೆ ಒಡೆದದ್ದು.

ನಿವೃತ್ತ_ಕೌಂಟರ್
ಅರಳಿಮರ ಹೇಳಿದ ಹಾಗೆ ಆ ಸಾಲು ಹೊಡೆದು ಹಾಕಿ, ಅಲ್ಲಿ "ಈ ಅಧಿಕಾರ ಈ ಒಂದು ಕೆಲಸಕ್ಕೆ, ______ ದಿನಾಂಕದವರೆಗೆ ಮಾತ್ರ. ಹಣ ತೆಗೆಯಲು ಅಥವಾ ಖಾತೆಯ ವಿವರ ಬದಲಿಸಲು ಈ ಪತ್ರದಿಂದ ಅಧಿಕಾರವಿಲ್ಲ" ಅಂತ ಬರೀರಿ. ನಿಮ್ಮ ಅಧಿಕಾರ ನೀವೇ ಕಮ್ಮಿ ಮಾಡ್ಕೊಂಡ ಹಾಗೆ ಕಾಣುತ್ತೆ, ಆದ್ರೆ ಕೌಂಟರಲ್ಲಿ ಕೂತವರಿಗೆ ಅದು ಓದಿದ್ರೇನೇ ಧೈರ್ಯ. ತಪ್ಪಾದ್ರೂ ಹೋಗೋದು ಒಂದು ಸ್ಟೇಟ್‌ಮೆಂಟ್, ಹಣ ಅಲ್ಲ ಅಂತ ಗೊತ್ತಾಗುತ್ತೆ. ದಿನಾಂಕಕ್ಕೆ ಒಂದು ತಿಂಗಳು ಕೊಡಿ ಸಾಕು.

"ಕಳೆದ ಎರಡು ವರ್ಷ" ಅಂತ ಬಿಡ್ಬೇಡಿ, ಯಾವ ದಿನಾಂಕದಿಂದ ಯಾವ ದಿನಾಂಕಕ್ಕೆ ಅಂತ ಹಾಕಿ, ಇಲ್ಲಾಂದ್ರೆ ಅವರಿಗೆ ತೋಚಿದಷ್ಟು ಪ್ರಿಂಟ್ ಕೊಡ್ತಾರೆ.

ಹೆಬ್ಬೆಟ್ಟು ಆದ್ರೆ ಕೆಳಗೆ ಇನ್ನೊಂದು ಸಾಲು ಬೇಕು, "ಈ ಪತ್ರವನ್ನು ಖಾತೆದಾರರಿಗೆ ಓದಿ ಹೇಳಲಾಯಿತು, ಅವರು ಅರ್ಥ ಮಾಡಿಕೊಂಡು ಒಪ್ಪಿದ ಮೇಲೆ ನಮ್ಮ ಎದುರಿಗೆ ಹೆಬ್ಬೆಟ್ಟು ಒತ್ತಿದ್ದಾರೆ." ಅದರ ಕೆಳಗೆ ಇಬ್ಬರು ಸಾಕ್ಷಿಗಳ ಹೆಸರು, ವಿಳಾಸ, ಸಹಿ. ನೀವು ಸಾಕ್ಷಿ ಆಗ್ಬೇಡಿ, ಅಧಿಕಾರ ಸಿಗ್ತಿರೋದೇ ನಿಮಗೆ. ನಿಮ್ಮ ಯಜಮಾನರೂ ಬೇಡ. ಇಬ್ಬರಲ್ಲಿ ಒಬ್ಬರು ಮನೆಗೆ ಬಂದ ಬ್ಯಾಂಕ್ ಅಧಿಕಾರಿಯೇ ಆದ್ರೆ ಆಮೇಲೆ ಯಾರೂ ತಕರಾರು ತೆಗೆಯಲ್ಲ.

ಒತ್ತಿಸೋದು ಹೇಗೆ ಅಂತಲೂ ಹೇಳಿಬಿಡ್ತೀನಿ, ಎಷ್ಟೋ ಪತ್ರ ಇಲ್ಲೇ ಕೆಡುತ್ತೆ. ಮೊದಲು ಬೆರಳು ಸೋಪಲ್ಲಿ ತೊಳೆದು ಪೂರ್ತಿ ಒರೆಸಿ, ಎಣ್ಣೆ ಪಸೆ ಇದ್ರೆ ಗೆರೆ ಬರಲ್ಲ. ಇಂಕ್ ಪ್ಯಾಡಿಗೆ ಮೆಲ್ಲಗೆ ತಾಗಿಸಿ, ಒಂದು ಸಲ ರಫ್ ಹಾಳೆ ಮೇಲೆ ಒತ್ತಿ ಹೆಚ್ಚಿನ ಇಂಕ್ ತೆಗೀರಿ. ಆಮೇಲೆ ಪತ್ರದ ಮೇಲೆ ಬೆರಳಿನ ಒಂದು ಅಂಚಿಟ್ಟು ಇನ್ನೊಂದು ಅಂಚಿಗೆ ಒಂದೇ ಸಲ ಉರುಳಿಸಿ ಎತ್ತಿಬಿಡಿ, ತಿರುಗಿ ಒತ್ತಬಾರದು. ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತೆ, ಇಂಕ್ ಜಾಸ್ತಿ ಆದ್ರೆ ಬರೀ ಕಪ್ಪು ಉಂಡೆ ಬರುತ್ತೆ. ಯಾವ ಕೈಯ ಹೆಬ್ಬೆರಳು ಅಂತ ಪಕ್ಕದಲ್ಲೇ ಬರೀರಿ. ನಿಮ್ಮಪ್ಪನಿಗೆ ಎಡಗೈ ಚೆನ್ನಾಗಿದ್ರೆ ಅದನ್ನೇ ಹಾಕಿಸಿ, ಮುಂದೆಯೂ ಪ್ರತಿ ಸಲ ಅದೇ ಕೈ.

ತಂಗಾಳಿ88
ನಮ್ಮ ಕಡೆ ಸಾಕ್ಷಿ ಕೇಳಲೇ ಇಲ್ಲ, ಸುಮ್ನೆ ಹೆಬ್ಬೆಟ್ಟು ಒತ್ತಿ ಕೊಟ್ವಿ ಆಯ್ತು.

ನಿವೃತ್ತ_ಕೌಂಟರ್
ಆಗಿರಬಹುದು. ಕೇಳ್ದೆ ಇದ್ರೂ ಹಾಕಿಸಿ, ಆ ಸಾಲು ನಿಮ್ಮ ಕಡೆಯ ಭದ್ರತೆ.

ಮಳೆಹನಿ
ಕೊಟ್ಟ ಮೇಲೆ ಸ್ವೀಕೃತಿ ತಗೊಳ್ಳೋದು ಮರೀಬೇಡಿ ಅಕ್ಕ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ದಿನಾಂಕ, ತಗೊಂಡವರ ಸಹಿ. ನಮ್ಮದು ಒಂದು ಕಚೇರಿಯಲ್ಲಿ ಪತ್ರವೇ ಬಂದಿಲ್ಲ ಅಂದಿದ್ರು, ಸೀಲು ತೋರಿಸಿದ ಮೇಲೆ ಹತ್ತು ನಿಮಿಷದಲ್ಲಿ ಸಿಕ್ತು.

ಗುಬ್ಬಿಗೂಡು
ಎಲ್ಲ ಓದಿದೆ. ಬ್ಯಾಂಕಿಗೆ ಮನೆಗೆ ಬನ್ನಿ ಅಂತ ಅರ್ಜಿ ಕೊಡೋಕೆ ನಿರ್ಧಾರ ಮಾಡಿದ್ದೀನಿ. ಆದ್ರೆ ಈಗ ಅಮ್ಮನ ನಿಜವಾದ ಸಹಿ ಕೊಟ್ರೆ ನಾನು ನಾಲ್ಕು ವರ್ಷ ಹಾಕಿದ್ದಕ್ಕೆ ಹೊಂದಲ್ಲ ಅಲ್ವಾ, ಅದಕ್ಕೇನು ಮಾಡೋದು?

ತಕ್ಕಡಿ
ಇದನ್ನ ಇಲ್ಲಿ ಎಲ್ಲರೆದುರು ಬಿಡಿಸಿ ಬರೀಬೇಡಿ. ಒಬ್ಬ ವಕೀಲರ ಹತ್ರ ಕೂತು ಮಾತಾಡಿ, ಅಮ್ಮನನ್ನೂ ಜೊತೆಗಿಟ್ಕೊಂಡು.

ಕಾಗದದೋಣಿ
ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ತೀನಿ. ಆರು ಸಹಿ ಮಾಡಿಸಿ ನೋಡಿದ್ವಿ, ಒಂದಕ್ಕೊಂದು ಸಂಬಂಧವೇ ಇಲ್ಲ. ಆ ಹಾಳೆ ಅಪ್ಪನೇ ಕೈಗೆ ತಗೊಂಡು ತುಂಬಾ ಹೊತ್ತು ನೋಡಿದ್ರು, ಆಮೇಲೆ "ಹೆಬ್ಬೆಟ್ಟೇ ಒತ್ತೋಣ, ಆದ್ರೆ ಪತ್ರ ನಾನು ಹೇಳ್ತೀನಿ ನೀನು ಬರಿ" ಅಂದ್ರು. ಪತ್ರದ ಪ್ರತಿ ಸಾಲೂ ಅವರೇ ಹೇಳಿ ಬರೆಸಿದ್ದು. "ಕೋರುತ್ತೇನೆ" ಅಂತ ನಾನು ಹಾಕಿದ್ದನ್ನ ತೆಗೆಸಿ "ತಿಳಿಸುತ್ತೇನೆ" ಅಂತ ಮಾಡಿಸಿದ್ರು, ನನ್ನ ಖಾತೆಗೆ ನಾನ್ಯಾಕೆ ಕೋರ್ಬೇಕು ಅಂತ.

ಮೊದಲ ಅರ್ಜಿ ಕೊಟ್ಟ ಹನ್ನೊಂದನೇ ದಿನ ಅಧಿಕಾರಿ ಮನೆಗೆ ಬಂದ್ರು. ನನ್ನನ್ನ ಹೊರಗೆ ಕಳಿಸಿ ಅಪ್ಪನ ಹತ್ರ ಒಬ್ಬರೇ ಮಾತಾಡಿದ್ರು. ನನಗೆ ಮೊದಲು ಒಂಥರಾ ಆಯ್ತು, ಆಮೇಲೆ ಅದು ಸರಿ ಅನ್ನಿಸ್ತು. ಹೆಬ್ಬೆಟ್ಟು ದಾಖಲಾಯ್ತು, ಎಡಗೈ. ಸ್ಟೇಟ್‌ಮೆಂಟ್ ಮಾರನೇ ದಿನ ನನ್ನ ಕೈಗೆ ಸಿಕ್ತು. ಠೇವಣಿ ಹಣ ಅವರ ಉಳಿತಾಯ ಖಾತೆಗೆ ಬಿತ್ತು, ಅದಕ್ಕೆ ಬ್ಯಾಂಕಿನ ಸ್ವಂತ ಫಾರಂ ಇತ್ತು, ನನ್ನ ಪತ್ರ ಬೇಕಾಗ್ಲೇ ಇಲ್ಲ.

ಮೊಬೈಲ್ ನಂಬರ್ ಇನ್ನೂ ಆಗಿಲ್ಲ. ಹೊಸ ಸಿಮ್ ನನ್ನ ಹೆಸರಲ್ಲಿದೆ, ಅಪ್ಪನ ಹೆಸರಲ್ಲೇ ಇರೋ ನಂಬರ್ ಕೊಡಿ ಅಂತಿದ್ದಾರೆ.

ನಿವೃತ್ತ_ಕೌಂಟರ್
ಅದರಲ್ಲಿ ಅವರು ಹೇಳೋದೇ ಸರಿ. ಅಪ್ಪನ ಹೆಸರಲ್ಲಿ ಸಿಮ್ ತಗೊಂಡು ಫೋನ್ ಅವರ ದಿಂಬಿನ ಪಕ್ಕದಲ್ಲೇ ಇರ್ಲಿ.

ಹಳೇಪೆನ್
ಸಿಮ್ ತಗೊಳ್ಳೋಕೂ ಅವರೇ ಅಂಗಡಿಗೆ ಬರ್ಬೇಕು ಅಂತಾರಲ್ಲ, ಅದಕ್ಕೆ ಏನು ಮಾಡ್ತೀರಾ?

ಕಾಗದದೋಣಿ
ನಾಳೆ ಕೇಳ್ಕೊಂಡು ಬರ್ತೀನಿ. ಮನೆಗೆ ಬರ್ತಾರಾ ಅಂತ ಮೊದಲು ಅದನ್ನೇ ಕೇಳು ಅಂತ ಅಪ್ಪ ಹೇಳಿದ್ದಾರೆ.